ಗ್ರಿಡ್‌ನ ಫ್ರೀಕ್ವೆನ್ಸಿ 50ರ ಆಸುಪಾಸಿನಲ್ಲೇ ನಿಲ್ಲುವುದು ಹೇಗೆ?

ಎಲ್ಲೋ ಒಂದು ವಿದ್ಯುತ್ ಸ್ಥಾವರ ಟ್ರಿಪ್ ಆದೊಡನೆ, ಅಂದರೆ ಥಟ್ಟನೆ ಗ್ರಿಡ್‌ನಿಂದ ಕಳಚಿಕೊಂಡೊಡನೆ, ನಿಯಂತ್ರಣ ಕೊಠಡಿಯ ಎಂಜಿನಿಯರ್ ಫೋನ್ ಎತ್ತುತ್ತಾರೆ, ಇನ್ನೊಂದು ಸ್ಥಾವರಕ್ಕೆ ಉತ್ಪಾದನೆ ಹೆಚ್ಚಿಸಲು ಹೇಳುತ್ತಾರೆ, ಅಲ್ಲಿಗೆ ಗ್ರಿಡ್ ಉಳಿಯಿತು ಎಂಬ ವಿವರಣೆಯನ್ನು ನಾನು ತರಗತಿಗಳಲ್ಲಿಯೂ ಟಿ.ವಿ. ಚರ್ಚೆಗಳಲ್ಲಿಯೂ ಸಾಕಷ್ಟು ಕೇಳಿದ್ದೇನೆ. ವಾಸ್ತವವಾಗಿ ಆ ಫೋನ್ ಅತ್ತ ಕಡೆ ರಿಂಗಾಗುವ ಹೊತ್ತಿಗೆ ಗ್ರಿಡ್ ಉಳಿಯಬೇಕೋ ಬೀಳಬೇಕೋ ಎಂಬುದು ತೀರ್ಮಾನವಾಗಿಯೇ ಹೋಗಿರುತ್ತದೆ. ಅದನ್ನು ತೀರ್ಮಾನಿಸುವುದು ಮೊದಲ ಮೂವತ್ತು ಸೆಕೆಂಡುಗಳು, ಮತ್ತು ಆ ಮೂವತ್ತು ಸೆಕೆಂಡುಗಳಲ್ಲಿ ಮನುಷ್ಯರ ಕೈ ಎಲ್ಲಿಯೂ ಇರುವುದಿಲ್ಲ.

ಹಂತಗಳನ್ನು ಒಂದು ಉದಾಹರಣೆಯ ಮೇಲೆಯೇ ನೋಡೋಣ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ತಲಾ 800 ಮೆಗಾವ್ಯಾಟಿನ ಮೂರು ಕಲ್ಲಿದ್ದಲು ಯೂನಿಟ್‌ಗಳಿವೆ. ಮೂರೂ ಪೂರ್ಣ ಉತ್ಪಾದನೆಯಲ್ಲಿದ್ದಾಗ ಒಂದೇ ಕ್ಷಣದಲ್ಲಿ ಟ್ರಿಪ್ ಆದವು ಎಂದಿಟ್ಟುಕೊಳ್ಳಿ. ಹೀಗೆ 2,400 ಮೆಗಾವ್ಯಾಟ್ ಕಳೆದುಹೋದರೂ ದೇಶದಲ್ಲಿ ಯಾರೂ ಒಂದು ಸ್ವಿಚ್ಚನ್ನೂ ಆರಿಸಿರುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ಉಳಿದ ಭಾರತದ ಗ್ರಿಡ್‌ಗೆ ಜೋಡಣೆಯಾದ ಮೇಲೆ ಇಡೀ ದೇಶಕ್ಕೆ ಫ್ರೀಕ್ವೆನ್ಸಿ, ಅಂದರೆ ವಿದ್ಯುತ್ ಪ್ರವಾಹ ಸೆಕೆಂಡಿಗೆ ಎಷ್ಟು ಬಾರಿ ಹಿಂದುಮುಂದಾಗುತ್ತದೆ ಎಂಬ ಸಂಖ್ಯೆ, ಒಂದೇ ಆಗಿದೆ. ಆದ್ದರಿಂದ ಕೂಡಗಿಯ ಕೊರತೆ ಕಾಶ್ಮೀರದ ಜನರೇಟರಿಗೂ ತಟ್ಟುತ್ತದೆ.

ಹಂತ 1: ಹಿಂದಿನ ದಿನವೇ ಪಟ್ಟಿ ಹಾಕುವುದು. ನಾಳೆಯ ದಿನವನ್ನು ಹದಿನೈದು ನಿಮಿಷದ 96 ತುಂಡುಗಳಾಗಿ ವಿಭಾಗಿಸಿ, ಪ್ರತಿ ತುಂಡಿಗೂ ಬೇಡಿಕೆಯ ಅಂದಾಜು ಮಾಡಿ, ಯಾವ ಸ್ಥಾವರ ಎಷ್ಟು ಕೊಡಬೇಕೆಂದು ಮೊದಲೇ ಗೊತ್ತುಮಾಡಲಾಗುತ್ತದೆ. ಇದರಲ್ಲಿ ಕಷ್ಟದ್ದೇನಿಲ್ಲ.

ಹಂತ 2: ತಿರುಗುವ ಚಕ್ರಗಳಿಂದ ಸಾಲ ಪಡೆಯುವುದು. ಕೂಡಗಿ ನಿಂತ ಕ್ಷಣದಲ್ಲಿ ಆ 2,400 ಮೆಗಾವ್ಯಾಟನ್ನು ಕೊಡುವವರು ಯಾರು? ದೇಶದ ಉಳಿದ ಎಲ್ಲ ಟರ್ಬೈನ್ ಮತ್ತು ಜನರೇಟರ್‌ಗಳ ತಿರುಗುವ ತೂಕ. ಅವುಗಳೊಳಗೆ ಹಬೆಯಾಗಲಿ ನೀರಾಗಲಿ ಒಂದು ಹನಿಯೂ ಹೆಚ್ಚಿಗೆ ಹೋಗಿರುವುದಿಲ್ಲ, ಆದರೂ ಹೊರಗೆ ಹೆಚ್ಚು ವಿದ್ಯುತ್ ಹರಿಯುತ್ತಿರುತ್ತದೆ. ಆದ್ದರಿಂದ ಅವುಗಳ ವೇಗ ಇಳಿಯಲೇಬೇಕು, ಆ ಇಳಿತವೇ ನಮಗೆ ಫ್ರೀಕ್ವೆನ್ಸಿಯ ಕುಸಿತವಾಗಿ ಕಾಣುತ್ತದೆ. ಆ ಗಳಿಗೆಯಲ್ಲಿ 2,00,000 ಮೆಗಾವ್ಯಾಟ್ ಸಾಮರ್ಥ್ಯದ ಯಂತ್ರಗಳು ತಿರುಗುತ್ತಿವೆ, ಅವುಗಳ ಚಕ್ರಗಳಲ್ಲಿ ಪೂರ್ಣ ಸಾಮರ್ಥ್ಯವನ್ನು ನಾಲ್ಕು ಸೆಕೆಂಡು ಪೂರೈಸುವಷ್ಟು ಶಕ್ತಿಯಿದೆ ಎಂದು ಹಿಡಿದರೆ, ಲೆಕ್ಕ ಸುಲಭ: ಫ್ರೀಕ್ವೆನ್ಸಿ ಪ್ರತಿ ಸೆಕೆಂಡಿಗೆ 0.075 ಹರ್ಟ್ಸ್‌ನಂತೆ ಇಳಿಯತೊಡಗುತ್ತದೆ. 50ರಲ್ಲಿದ್ದದ್ದು ಒಂದು ಸೆಕೆಂಡಿನಲ್ಲಿ 49.925ಕ್ಕೆ ಬರುತ್ತದೆ. ಯಾರೂ ತಡೆಯದಿದ್ದರೆ ಹತ್ತು ಸೆಕೆಂಡು ತುಂಬುವ ಮೊದಲೇ 49.4 ಆಗುತ್ತದೆ, ಅಲ್ಲಿ ಏನಾಗುತ್ತದೆಂಬುದನ್ನು ಮುಂದೆ ಹೇಳುತ್ತೇನೆ. ಸೌರಫಲಕಗಳಲ್ಲಿ ತಿರುಗುವ ತೂಕವೇ ಇಲ್ಲದ ಕಾರಣ, ಪಾವಗಡದಂಥ ಸೌರ ಪಾರ್ಕುಗಳು ಉಕ್ಕಿ ಉತ್ಪಾದಿಸುವ ನಡುಮಧ್ಯಾಹ್ನ ಕಲ್ಲಿದ್ದಲಿನ ಯಂತ್ರಗಳನ್ನು ನಿಲ್ಲಿಸಿದ್ದರೆ ಈ ಸಾಲ ಕಡಿಮೆ ಸಿಗುತ್ತದೆ, ಕುಸಿತ ಇನ್ನೂ ಕಡಿದಾಗುತ್ತದೆ.

ಹಂತ 3: ಗವರ್ನರ್‌ಗಳು ಕುಸಿತವನ್ನು ಹಿಡಿಯುವುದು. ಹೆಚ್ಚಿನವರು ಎಡವುವುದು ಇಲ್ಲಿ, ಎಂಜಿನಿಯರುಗಳೂ ಸೇರಿದಂತೆ. ಪ್ರತಿ ಟರ್ಬೈನಿಗೂ ತನ್ನ ವೇಗವನ್ನು ತಾನೇ ಅಳೆದು, ವೇಗ ಇಳಿದರೆ ಹಬೆಯ ಅಥವಾ ನೀರಿನ ಬಾಗಿಲನ್ನು ತುಸು ತೆರೆಯುವ ಗವರ್ನರ್ ಎಂಬ ಸಾಧನವಿರುತ್ತದೆ. ಅದು ಯಾರ ಆದೇಶಕ್ಕೂ ಕಾಯುವುದಿಲ್ಲ. ಎಷ್ಟು ತೆರೆಯಬೇಕೆಂಬುದನ್ನು ನಿರ್ಧರಿಸುವುದು 'ಡ್ರೂಪ್' ಎಂಬ ಹೊಂದಾಣಿಕೆ. ನಮ್ಮ ಗ್ರಿಡ್ ಸಂಹಿತೆಯಲ್ಲಿ ಇದು ಶೇ 3ರಿಂದ 6ರೊಳಗೆ ಇರಬೇಕು. ಶೇ 5 ಎಂದರೆ, ಫ್ರೀಕ್ವೆನ್ಸಿ ಶೇ 5ರಷ್ಟು, ಅಂದರೆ 2.5 ಹರ್ಟ್ಸ್ ಇಳಿದರೆ ಯಂತ್ರ ಸೊನ್ನೆಯಿಂದ ಪೂರ್ಣ ಸಾಮರ್ಥ್ಯಕ್ಕೆ ಏರುವಷ್ಟು ಬಾಗಿಲು ತೆರೆಯುತ್ತದೆ ಎಂದರ್ಥ. ಅದರಂತೆ 0.1 ಹರ್ಟ್ಸ್ ಇಳಿದರೆ ಸಾಮರ್ಥ್ಯದ ಶೇ 4. ರಾಯಚೂರಿನ 210 ಮೆಗಾವ್ಯಾಟಿನ ಒಂದು ಯೂನಿಟ್ ಆಗ 8.4 ಮೆಗಾವ್ಯಾಟ್ ಹೆಚ್ಚಿಗೆ ಕೊಡಬೇಕು, ಶರಾವತಿಯ 103.5 ಮೆಗಾವ್ಯಾಟಿನ ಒಂದು ಯೂನಿಟ್ ಸುಮಾರು 4 ಮೆಗಾವ್ಯಾಟ್. ಒಬ್ಬೊಬ್ಬರದು ಅತ್ಯಲ್ಪ, ಎಲ್ಲರದೂ ಸೇರಿದಾಗ ಸಾವಿರಾರು.

ಇಲ್ಲಿ ಗಮನಿಸಬೇಕಾದದ್ದು, ಗವರ್ನರ್ ಫ್ರೀಕ್ವೆನ್ಸಿಯನ್ನು ಮರಳಿ 50ಕ್ಕೆ ತರುವುದಿಲ್ಲ. ಅದು ಕುಸಿತವನ್ನು ನಿಲ್ಲಿಸುತ್ತದೆ, ಅಷ್ಟೆ. ಫ್ರೀಕ್ವೆನ್ಸಿ ಇಳಿದಿರುವವರೆಗೆ ಮಾತ್ರ ಬಾಗಿಲು ಹೆಚ್ಚು ತೆರೆದಿರುತ್ತದೆ, ಆದ್ದರಿಂದ ತುಸು ಕೆಳಗೆ ನಿಂತೇ ಸಮತೋಲ ಸಿಗುತ್ತದೆ. 'ಹಾಗಿದ್ದರೆ ಪ್ರತಿ ಗವರ್ನರಿಗೂ ಸರಿಯಾಗಿ 50ಕ್ಕೇ ತರುವಂತೆ ಹೇಳಿದರಾಯಿತಲ್ಲ?' ಎಂದು ತರಬೇತಿಗೆ ಬಂದವರು ಕೇಳದೆ ಬಿಡುವುದಿಲ್ಲ. ಎರಡು ಯಂತ್ರಗಳಿಗೆ ಹಾಗೆ ಹೇಳಿದ್ದೀರಿ ಎಂದುಕೊಳ್ಳಿ. ಅವುಗಳ ಮಾಪಕಗಳು ಕೂದಲೆಳೆಯಷ್ಟಾದರೂ ಭಿನ್ನವಾಗಿರುತ್ತವೆ, ಒಂದು 50.00 ಎಂದು ಓದಿದ್ದನ್ನು ಇನ್ನೊಂದು 49.99 ಎಂದು ಓದುತ್ತದೆ. ಎರಡನೆಯದು ಉತ್ಪಾದನೆ ಏರಿಸುತ್ತ ಹೋಗುತ್ತದೆ, ಅದರಿಂದ ಫ್ರೀಕ್ವೆನ್ಸಿ ಏರಿತೆಂದು ಮೊದಲನೆಯದು ಇಳಿಸುತ್ತ ಹೋಗುತ್ತದೆ. ಕೊನೆಗೆ ಒಂದು ಪೂರ್ತಿ ತುಂಬಿ, ಇನ್ನೊಂದು ಖಾಲಿಯಾಗಿ ನಿಲ್ಲುತ್ತದೆ. ಎಲ್ಲರೂ ಪಾಲು ಹಂಚಿಕೊಳ್ಳಬೇಕಾದರೆ ಎಲ್ಲರೂ ತುಸು ಕೊರತೆಯನ್ನು ಸಹಿಸಲೇಬೇಕು.

ನಮ್ಮ ಉದಾಹರಣೆಗೆ ಬರೋಣ. 2,00,000 ಮೆಗಾವ್ಯಾಟಿನಷ್ಟೂ ಯಂತ್ರಗಳು ಶೇ 5ರ ಡ್ರೂಪಿನಂತೆ ನಿಯತ್ತಾಗಿ ಸ್ಪಂದಿಸಿದರೆ, 2,400 ಮೆಗಾವ್ಯಾಟ್ ಕೊರತೆಗೆ 0.03 ಹರ್ಟ್ಸ್ ಇಳಿತ ಸಾಕು. ನಾಲ್ಕರಲ್ಲೊಂದು ಪಾಲು ಮಾತ್ರ ಸ್ಪಂದಿಸಿದರೆ ಇಳಿತ 0.12 ಹರ್ಟ್ಸ್, ಅಂದರೆ ಫ್ರೀಕ್ವೆನ್ಸಿ 49.88ರಲ್ಲಿ ನಿಂತು, ಸಂಹಿತೆ ಹೇಳುವ 49.90–50.05ರ ಮಿತಿಯಿಂದ ಹೊರಗೆ ಉಳಿಯುತ್ತದೆ.

ಸ್ಪಂದಿಸದಿರಲು ಕಾರಣಗಳು ಹಲವು, ಕಳ್ಳದಾರಿಗಳೂ ಹಲವು. ಒಂದು ಸ್ಥಾವರದಲ್ಲಿ ಹಬೆಯ ಬಾಗಿಲನ್ನು ಮೊದಲೇ ಪೂರ್ತಿ ತೆರೆದಿಟ್ಟು ಓಡಿಸುವುದನ್ನು ನೋಡಿದ್ದೇನೆ. ಇಂಧನದ ದಕ್ಷತೆ ಚೆನ್ನಾಗಿ ಕಾಣುತ್ತದೆ, ಆದರೆ ಇನ್ನಷ್ಟು ತೆರೆಯಲು ಬಾಗಿಲೇ ಉಳಿದಿರುವುದಿಲ್ಲ. ಇದಕ್ಕಿಂತ ನಯವಾದ ಮೋಸ, ಯೂನಿಟ್ಟಿನ ಉತ್ಪಾದನೆಯನ್ನು ಗೊತ್ತುಮಾಡಿದ ಗುರಿಯಲ್ಲೇ ಹಿಡಿದಿಡುವ ಲೋಡ್ ಕಂಟ್ರೋಲರಿನದು. ಗವರ್ನರ್ ಬಾಗಿಲು ತೆರೆದು 8 ಮೆಗಾವ್ಯಾಟ್ ಏರಿಸಿದರೆ, 'ನನಗೆ ಕೊಟ್ಟ ಗುರಿ 200, ಇದು 208 ಆಯಿತಲ್ಲ' ಎಂದು ಲೋಡ್ ಕಂಟ್ರೋಲರ್ ಅರ್ಧ ನಿಮಿಷದೊಳಗೆ ಅದನ್ನು ವಾಪಸು ಎಳೆದುಕೊಳ್ಳುತ್ತದೆ. ಆ ಯೂನಿಟ್ಟಿನ ಉತ್ಪಾದನೆಯ ಗ್ರಾಫ್ ತೆಗೆದು ನೋಡಿದರೆ ಗರಗಸದ ಒಂದು ಹಲ್ಲಿನಂತೆ ಮೇಲೆದ್ದು ಬಿದ್ದಿರುತ್ತದೆ. ಗವರ್ನರ್ ಕೆಲಸ ಮಾಡುತ್ತಿದೆ ಎಂಬ ಪ್ರಮಾಣಪತ್ರ ಕಡತದಲ್ಲಿರುತ್ತದೆ, ಗ್ರಿಡ್‌ಗೆ ಸಿಕ್ಕಿದ್ದು ಮಾತ್ರ ಸೊನ್ನೆ. ಫ್ರೀಕ್ವೆನ್ಸಿ ಇಳಿದಿರುವಷ್ಟು ಲೋಡ್ ಗುರಿಯನ್ನೂ ತಾನಾಗಿ ಏರಿಸಿಕೊಳ್ಳುವ ಹೊಂದಾಣಿಕೆಯಿಲ್ಲದ ಕಂಟ್ರೋಲರನ್ನು ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಸ್ಪಂದಿಸುವ ಯಂತ್ರಗಳಿಗೂ ಮಿತಿಗಳಿವೆ. ಕಲ್ಲಿದ್ದಲು ಯೂನಿಟ್ ತಕ್ಷಣ ಕೊಡುವುದು ಬಾಯ್ಲರಿನಲ್ಲಿ ಆಗಲೇ ಕೂಡಿದ್ದ ಹಬೆಯನ್ನು. ಬೆಂಕಿಗೆ ಕಲ್ಲಿದ್ದಲು ಹೆಚ್ಚಿಸದಿದ್ದರೆ ಒತ್ತಡ ಕುಸಿದು ಆ ನೆರವೂ ಇಳಿಯುತ್ತದೆ. ಜಲವಿದ್ಯುತ್ತಿನಲ್ಲಿ ಉದ್ದದ ಕೊಳವೆಯ ನೀರು ವೇಗ ಪಡೆಯಲು ಹೊತ್ತು ಬೇಕಾಗುವುದರಿಂದ, ಬಾಗಿಲು ತೆರೆದ ಮೊದಲ ಕ್ಷಣದಲ್ಲಿ ಉತ್ಪಾದನೆ ಏರುವ ಬದಲು ತುಸು ಇಳಿದು ಆಮೇಲೆ ಏರುತ್ತದೆ. ಅಷ್ಟಾದರೂ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಜಲವಿದ್ಯುತ್ತನ್ನೇ ಆರಿಸುತ್ತೇನೆ, ಏಕೆಂದರೆ ಒಮ್ಮೆ ಏರಿದ ಮೇಲೆ ಅದು ಏರಿದಲ್ಲೇ ನಿಲ್ಲುತ್ತದೆ.

ಹಂತ 4: ದೂರದಿಂದ ಗುರಿ ಬದಲಿಸಿ 50ಕ್ಕೆ ಮರಳಿಸುವುದು. ದೆಹಲಿಯ ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ಕಂಪ್ಯೂಟರ್, ಫ್ರೀಕ್ವೆನ್ಸಿ ಎಷ್ಟು ಇಳಿದಿದೆ ಮತ್ತು ಯಾವ ವಲಯ ಹಿಂದಿನ ದಿನ ಹಾಕಿದ ಪಟ್ಟಿಗಿಂತ ಎಷ್ಟು ಹೆಚ್ಚು ಎಳೆಯುತ್ತಿದೆ ಎಂಬುದನ್ನು ಲೆಕ್ಕಹಾಕಿ, ಕೆಲವು ಸೆಕೆಂಡುಗಳಿಗೊಮ್ಮೆ ಆಯ್ದ ಸ್ಥಾವರಗಳ ಲೋಡ್ ಗುರಿಯನ್ನು ನೇರವಾಗಿ ಬದಲಿಸುತ್ತದೆ. ಫ್ರೀಕ್ವೆನ್ಸಿ ನಿಮಿಷಗಳಲ್ಲಿ 50ಕ್ಕೆ ಬರುತ್ತದೆ. ಬಂದಂತೆಲ್ಲ ಗವರ್ನರ್‌ಗಳು ತಮ್ಮ ಬಾಗಿಲನ್ನು ಹಿಂದಕ್ಕೆ ಸರಿಸಿ ಮುಂದಿನ ಆಘಾತಕ್ಕೆ ಖಾಲಿಯಾಗುತ್ತವೆ.

ಹಂತ 5: ಫೋನ್. ಈಗ ಎಂಜಿನಿಯರಿಗೆ ಪುರುಸೊತ್ತು. ನಿಂತಿರುವ ಜಲವಿದ್ಯುತ್ ಯೂನಿಟ್ಟನ್ನು ಕೆಲವೇ ನಿಮಿಷಗಳಲ್ಲಿ ಗ್ರಿಡ್‌ಗೆ ಸೇರಿಸಬಹುದು, ತಣ್ಣಗಾದ ಕಲ್ಲಿದ್ದಲು ಬಾಯ್ಲರನ್ನು ಎಬ್ಬಿಸಲು ಗಂಟೆಗಳೇ ಬೇಕು.

ಮೂರನೆಯ ಹಂತ ವಿಫಲವಾಗಿ ಫ್ರೀಕ್ವೆನ್ಸಿ 49.4 ಮುಟ್ಟಿದರೆ ಉಪಕೇಂದ್ರಗಳ ರಿಲೇ ಎಂಬ ಸ್ವಯಂಚಾಲಿತ ಸಾಧನಗಳು ಯಾರನ್ನೂ ಕೇಳದೆ ಊರು, ಬಡಾವಣೆಗಳಿಗೆ ವಿದ್ಯುತ್ ಒಯ್ಯುವ ಫೀಡರುಗಳನ್ನು ಕಡಿಯತೊಡಗುತ್ತವೆ, ಇನ್ನೂ ಇಳಿದರೆ 49.2, 49.0, 48.8ರಲ್ಲಿ ಮತ್ತಷ್ಟು. ಒಂದೇ ಸಂಖ್ಯೆಯಲ್ಲಿ ಎಲ್ಲರೂ ಕಡಿದುಕೊಳ್ಳುವುದು ಇನ್ನೊಂದು ಅಪಾಯ, ಆದ್ದರಿಂದಲೇ ಈ ಮೆಟ್ಟಿಲುಗಳು. ಜರ್ಮನಿಯಲ್ಲಿ ಹಿಂದೆ ಮಾರಿದ್ದ ಸೌರ ಇನ್ವರ್ಟರುಗಳು ಫ್ರೀಕ್ವೆನ್ಸಿ 50.2 ದಾಟಿದೊಡನೆ ಒಟ್ಟಿಗೇ ನಿಲ್ಲುವಂತೆ ರೂಪಿತವಾಗಿದ್ದವು; ಸಾವಿರಾರು ಮೆಗಾವ್ಯಾಟ್ ಏಕಕಾಲಕ್ಕೆ ಮಾಯವಾಗುವ ಭಯದಿಂದ ಅವುಗಳನ್ನು ಆಮೇಲೆ ಮರುಹೊಂದಿಸಬೇಕಾಯಿತು.

ಬೇಡಿಕೆಯೇ ಕುಸಿದಾಗ ಇದೇ ಹಂತಗಳು ತಿರುಗುಮುರುಗಾಗಿ ನಡೆಯುತ್ತವೆ. 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸುವ ಕರೆಗೆ ಬೇಡಿಕೆ 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದೆಂದು ಅಂದಾಜಿಸಲಾಗಿತ್ತು. ಇಳಿದದ್ದು 31 ಸಾವಿರಕ್ಕೂ ಹೆಚ್ಚು. ಅಂದಾಜು ಅಷ್ಟು ತಪ್ಪಿದರೂ ಗ್ರಿಡ್ ಉಳಿದದ್ದು, ಆ ಹೊತ್ತಿಗೆಂದೇ ಜಲವಿದ್ಯುತ್ತನ್ನು ಮೊದಲೇ ಮೇಲಕ್ಕೇರಿಸಿ ಇಟ್ಟುಕೊಂಡಿದ್ದರಿಂದ. ರಾತ್ರಿ 8.45ರಿಂದ 9.10ರ ನಡುವೆ ಜಲವಿದ್ಯುತ್ ಒಂದರಿಂದಲೇ 17 ಸಾವಿರ ಮೆಗಾವ್ಯಾಟಿಗೂ ಹೆಚ್ಚು ತಗ್ಗಿಸಲಾಯಿತು. ಫ್ರೀಕ್ವೆನ್ಸಿ 49.70 ಮತ್ತು 50.26ರ ನಡುವೆ ಓಲಾಡಿತು. ಎರಡೂ ತುದಿ ಸಂಹಿತೆಯ ಮಿತಿಯ ಹೊರಗೆ, ಆದರೆ ಫೀಡರ್ ಕಡಿಯುವ 49.4ರ ಮೆಟ್ಟಿಲಿಗೆ ಇನ್ನೂ ಅಂತರವಿತ್ತು.

ಇದನ್ನು ನೀವೇ ನೋಡಬೇಕೆಂದಿದ್ದರೆ ಲೋಡ್ ಡಿಸ್ಪ್ಯಾಚ್ ಕೇಂದ್ರಗಳ ಜಾಲತಾಣಗಳಲ್ಲಿ ಫ್ರೀಕ್ವೆನ್ಸಿ ನೇರವಾಗಿ ಕಾಣುತ್ತದೆ. ಮನೆಯ ಇನ್ವರ್ಟರಿನ ಪರದೆಯನ್ನೋ ಅಗ್ಗದ ಪ್ಲಗ್ ಮೀಟರನ್ನೋ ನಂಬಬೇಡಿ, ದಶಾಂಶವನ್ನು ಒಂದೇ ಸ್ಥಾನಕ್ಕೆ ದುಂಡಾಗಿಸುವ ಅವು ಬಹಳ ಹೊತ್ತು 50.0 ಎಂದೇ ತೋರಿಸಬಲ್ಲವು. ಎರಡು ದಶಾಂಶವಾದರೂ ಬೇಕು. ಗಂಟೆ, ಕಾಲು, ಅರ್ಧ, ಮುಕ್ಕಾಲಿನ ಹೊತ್ತಿನಲ್ಲಿ ನೋಡಿ. ಹದಿನೈದು ನಿಮಿಷದ ತುಂಡು ಬದಲಾಗುವಾಗ ಸ್ಥಾವರಗಳು ತಮ್ಮ ಹೊಸ ಗುರಿಯತ್ತ ಒಟ್ಟಿಗೇ ಹೊರಡುತ್ತವೆ, ಬೇಡಿಕೆ ಮಾತ್ರ ತನ್ನ ಪಾಡಿಗೆ ನಿಧಾನವಾಗಿ ಬದಲಾಗುತ್ತಿರುತ್ತದೆ, ಹಾಗಾಗಿ ಯಾವ ಯಂತ್ರವೂ ಕೆಡದೆಯೇ ಫ್ರೀಕ್ವೆನ್ಸಿ ಆ ಗಳಿಗೆಯಲ್ಲಿ ಥಟ್ಟನೆ ಜಿಗಿಯುತ್ತದೆ ಅಥವಾ ಕುಸಿಯುತ್ತದೆ. ಬೇರೆ ಹೊತ್ತಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ 0.05 ಹರ್ಟ್ಸ್‌ಗೂ ಹೆಚ್ಚು ಇಳಿದು, ಅರ್ಧ ನಿಮಿಷದಲ್ಲಿ ಇಳಿತ ನಿಂತು, ಆಮೇಲೆ ನಿಧಾನವಾಗಿ ಏರಿದರೆ, ದೇಶದ ಎಲ್ಲೋ ಒಂದು ದೊಡ್ಡ ಉತ್ಪಾದನೆ ಕೈಬಿಟ್ಟಿದೆ ಎಂದು ಊಹಿಸಬಹುದು.