ಒಲೆ, ಹಿಟ್ಟಿನ ಉಂಡೆ, ಚಂದಪ್ಪ: ಮಲಗುವ ಹೊತ್ತಿನ ಒಂದು ಕಥೆ ಕಟ್ಟಿದ ಬಗೆ

ಚಂದ್ರನನ್ನು ರೊಟ್ಟಿಗೆ ಹೋಲಿಸುವುದು ನಮ್ಮ ಕೊಪ್ಪಳದ ಕಡೆ ಬಾಯಿಗೆ ಸುಲಭವಾಗಿ ಬರುವ ಮಾತು. ಆದರೆ ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಆ ಹೋಲಿಕೆ ಕೆಲಸ ಕೆಡಿಸುತ್ತದೆ. ರೊಟ್ಟಿ ಎಂದ ಕೂಡಲೇ ಮಗು "ಯಾರು ತಿಂದ್ರು?" ಎನ್ನುತ್ತದೆ. ಚಂದ್ರ ನಿಜವಾಗಿಯೂ ತುಂಡಾಗುತ್ತಾನೆ, ಆಮೇಲೆ ಮತ್ತೆ ಬೆಳೆಯುತ್ತಾನೆ ಎಂಬುದು ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದಕ್ಕೇ ನಾನು ರೊಟ್ಟಿ ಬಿಟ್ಟು, ರೊಟ್ಟಿ ಬಡಿಯುವುದಕ್ಕೆ ಮುಂಚಿನ ಹಿಟ್ಟಿನ ಉಂಡೆ ಹಿಡಿದೆ. ಇದರಲ್ಲೊಂದು ಲಾಭವಿದೆ. ಚಪ್ಪಟೆ ರೊಟ್ಟಿಯನ್ನು ದೀಪದ ಎದುರು ಹೇಗೆ ತಿರುಗಿಸಿದರೂ ಒಂದು ಮುಖ ಪೂರ್ತಿ ಬೆಳಗುತ್ತದೆ, ಇಲ್ಲವೇ ಪೂರ್ತಿ ಕಪ್ಪಾಗುತ್ತದೆ. ಬಾಗಿದ ಗೆರೆ ಮೂಡುವುದು ದುಂಡಗಿನ ವಸ್ತುವಿನ ಮೇಲೆ ಮಾತ್ರ.

ಕಥೆ ಇಷ್ಟೇ. ಹೇಳಲು ಐದು ನಿಮಿಷ ಸಾಕು.

"ಕರೆಂಟ್ ಹೋಗಿತ್ತು. ಅವ್ವ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕತ್ತಿದ್ಲು. ನೀಲವ್ವ ಒಂದು ಹಿಟ್ಟಿನ ಉಂಡಿ ಕಡ್ಡಿಗೆ ಚುಚ್ಚಿಕೊಂಡು ದೂರ ಹೋಗಿ ಕುಂತ್ಲು. ಉಂಡಿ ಒಲಿಗೆ ಅಡ್ಡ ಹಿಡದ್ಲು. 'ಯವ್ವಾ, ಉಂಡಿ ಕರ್ರಗಾತು!' ಒಂಚೂರು ಮ್ಯಾಲ ಎತ್ತಿದ್ಲು. ತಳದಾಗ ಒಂದು ಬೆಳ್ಳನ ಗೆರಿ ಬಂತು. 'ಯವ್ವಾ, ಹರಗೋಲು!' ಎಡಕ್ಕ ತಿರುಗಿದ್ಲು. ಉಂಡಿ ಅರ್ಧಾ ಬೆಳ್ಳಗ, ಅರ್ಧಾ ಕರ್ರಗ. ಇನ್ನಷ್ಟು ತಿರುಗಿ ಒಲಿಗೆ ಬೆನ್ನು ಮಾಡಿದ್ಲು. ಉಂಡಿ ಪೂರ್ತಿ ಬೆಳ್ಳಗ! 'ಉಂಡಿ ದೊಡ್ಡದಾತೇನು ನೀಲಾ?' ಅಂದ್ಲು ಅವ್ವ. 'ಇಲ್ಲ ಯವ್ವಾ. ಉಂಡಿ ಅಷ್ಟ ಐತಿ. ಬೆಳಕು ಬಿದ್ದದ್ದು ನಂಗ ಎಷ್ಟು ಕಾಣತೈತೋ ಅಷ್ಟ ಕಾಣತೈತಿ.'"

ಕೊನೆಯ ಆ ಮಾತನ್ನು ಪ್ರತಿ ರಾತ್ರಿ ಮಗುವಿನ ಬಾಯಿಂದಲೇ ಹೇಳಿಸಬೇಕು. ಕಥೆಯ ಜೀವ ಇರುವುದು ಅಲ್ಲೇ. ಒಲೆ ಎಂದರೆ ಸೂರ್ಯ, ಉಂಡೆ ಎಂದರೆ ಚಂದಪ್ಪ, ನೀಲವ್ವ ಕೂತ ಜಾಗ ನಮ್ಮ ಭೂಮಿ ಎಂಬುದನ್ನು ಮೊದಲ ದಿನ ಹೇಳುವುದಿಲ್ಲ. ಎರಡು ಮೂರು ರಾತ್ರಿ ಕಳೆದ ಮೇಲೆ ಕೆಲವು ಮಕ್ಕಳು ತಾವೇ ಹೇಳುತ್ತವೆ. ಹೇಳದಿದ್ದರೆ ಆಗ ಹೇಳಿದರಾಯಿತು.

ಕಥೆಯನ್ನು ಕೈಯಲ್ಲಿ ಮಾಡಿ ನೋಡುವುದಕ್ಕೆ ನಿಂಬೆಹಣ್ಣಿನಷ್ಟು ಜೋಳದ ಹಿಟ್ಟಿನ ಉಂಡೆ, ಒಂದು ಕಸಬರಿಗೆ ಕಡ್ಡಿ, ಮೊಬೈಲ್ ಟಾರ್ಚ್ ಇದ್ದರೆ ಸಾಕು. ಹಿಟ್ಟು ಗಟ್ಟಿಯಾಗಿರಲಿ, ಸಡಿಲಾದರೆ ಕಡ್ಡಿಯಿಂದ ಜಾರುತ್ತದೆ. ಹಸಿ ಉಂಡೆ ಮಿರುಗುವುದರಿಂದ ಅದನ್ನು ಒಣ ಹಿಟ್ಟಿನಲ್ಲಿ ಹೊರಳಿಸಿಕೊಳ್ಳಬೇಕು. ನುಣುಪಾದ ರಬ್ಬರ್ ಚೆಂಡೂ ಸ್ಟೀಲ್ ಬಟ್ಟಲೂ ಬೇಡ. ಅವುಗಳ ಮೇಲೆ ಬೆಳಕು ಒಂದೇ ಚುಕ್ಕಿಯಾಗಿ ಹೊಳೆಯುತ್ತದೆ, ಬೆಳಕು ಕತ್ತಲಿನ ಗೆರೆ ಸರಿಯಾಗಿ ಕಾಣುವುದಿಲ್ಲ. ಥರ್ಮೋಕೋಲ್ ಉಂಡೆ ನಡೆಯುತ್ತದೆ, ಆದರೆ ಬೆಳಕು ಒಳಗೂ ಸ್ವಲ್ಪ ನುಸುಳಿ ಗೆರೆ ಮಸುಕಾಗುತ್ತದೆ.

ಟಾರ್ಚನ್ನು ಆರೇಳು ಅಡಿ ದೂರದಲ್ಲಿ ಒಂದು ಮಣೆಯ ಮೇಲೆ, ಒಲೆಯ ಹಾಗೆ ತಗ್ಗಿನಲ್ಲಿ ಇಡಿ. ಮಗುವಿನ ಕಣ್ಣಿಗೆ ಚುಚ್ಚದಂತೆ ಅದರ ಮೇಲೆ ತೆಳು ಕಾಗದ ಹಾಕಿ. ಮಗು ನೆಲದ ಮೇಲೆ ಕೂತು, ಕೈ ಚಾಚಿ ಕಡ್ಡಿ ಹಿಡಿದು, ಕೂತಲ್ಲೇ ಎಡಕ್ಕೆ ತಿರುಗಬೇಕು. ಎಡಕ್ಕೇ ಯಾಕೆ? ಆಗ ಉಂಡೆಯ ಬಲಗಡೆ ಬೆಳಗುತ್ತದೆ. ಶುಕ್ಲ ಪಕ್ಷದ ಅಷ್ಟಮಿಯ ಚಂದ್ರನೂ ದಕ್ಷಿಣಕ್ಕೆ ಮುಖ ಮಾಡಿ ನಿಂತವರಿಗೆ ಬಲಗಡೆ, ಅಂದರೆ ಸೂರ್ಯ ಮುಳುಗಿದ ಕಡೆಗೇ ಬೆಳಗಿರುತ್ತಾನೆ. ಬಲಕ್ಕೆ ತಿರುಗಿದರೆ ಎಲ್ಲ ಉಲ್ಟಾ ಆಗಿ ಕೃಷ್ಣ ಪಕ್ಷ ಮೊದಲು ಬರುತ್ತದೆ. ಕೋಣೆಯ ಗೋಡೆಗೆ ಬಿಳಿ ಸುಣ್ಣ ಇದ್ದರೆ ಅದರಿಂದ ತಿರುಗಿ ಬರುವ ಬೆಳಕು ಉಂಡೆಯ ಕತ್ತಲ ಭಾಗವನ್ನೂ ಬೆಳಗಿಸುತ್ತದೆ, ಹಾಗಾಗಿ ಗೋಡೆಯಿಂದ ದೂರ ಕೂರಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಹುಣ್ಣಿಮೆಯಲ್ಲಿ. ದೀಪಕ್ಕೆ ಬೆನ್ನು ಮಾಡಿದ ಕೂಡಲೇ ಮಗುವಿನ ತಲೆಯ ನೆರಳೇ ಉಂಡೆಯ ಮೇಲೆ ಬೀಳುತ್ತದೆ. "ಕರ್ರಗಾತು" ಎಂದು ಮಗು ಕೂಗಿದರೆ ಕಥೆ ಅಲ್ಲಿಗೇ ನಿಂತುಹೋಗುತ್ತದೆ. ಆ ಹೊತ್ತಿಗೆ ಉಂಡೆಯನ್ನು ತಲೆಗಿಂತ ಒಂದು ಗೇಣು ಮೇಲೆ ಎತ್ತಿಸಬೇಕು. ಆಕಾಶದಲ್ಲೂ ಹೀಗೇ. ಚಂದ್ರನ ದಾರಿ ಸುಮಾರು 5 ಡಿಗ್ರಿ ವಾಲಿರುವುದರಿಂದ ಹೆಚ್ಚಿನ ಹುಣ್ಣಿಮೆಗಳಲ್ಲಿ ಅವನು ಭೂಮಿಯ ನೆರಳಿನ ಮೇಲೋ ಕೆಳಗೋ ಹಾದುಹೋಗುತ್ತಾನೆ. ನೆರಳಿಗೆ ಸಿಕ್ಕರೆ ಅದು ಗ್ರಹಣ. ಗ್ರಹಣದ ಮಾತನ್ನು ಈ ಕಥೆಯಲ್ಲಿ ತರಬಾರದು ಎಂಬುದು ನನ್ನ ಹಟ. ತಂದರೆ ದಿನದಿನದ ಏರಿಳಿತಕ್ಕೂ ಭೂಮಿಯ ನೆರಳೇ ಕಾರಣ ಎಂದು ಮಕ್ಕಳು ಹಿಡಿದುಕೊಳ್ಳುತ್ತವೆ. ದೊಡ್ಡವರಲ್ಲೂ ಈ ತಪ್ಪು ಎಷ್ಟೋ ಜನರಿಗಿದೆ.

ಒಲೆಯನ್ನು ತಗ್ಗಿನಲ್ಲಿ ಇಟ್ಟದ್ದು ಹರಗೋಲಿಗಾಗಿ. ಚಿತ್ರದ ಪುಸ್ತಕಗಳಲ್ಲಿ ಬರುವ ಎಳೆಚಂದ್ರ ಕುಡುಗೋಲಿನ ಹಾಗೆ ನೆಟ್ಟಗೆ ನಿಂತಿರುತ್ತಾನೆ. ಅದು ನಮಗಿಂತ ಬಹಳ ಉತ್ತರದ ನಾಡುಗಳಲ್ಲಿ ಕಾಣುವ ಚಂದ್ರ. ಕೊಪ್ಪಳ, ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಯುಗಾದಿಯ ಹೊತ್ತಿಗೆ ಎಳೆಚಂದ್ರ ಮುಳುಗಿದ ಸೂರ್ಯನ ಬಹುತೇಕ ನೆತ್ತಿಯ ಮೇಲೇ ನಿಲ್ಲುತ್ತಾನೆ. ಹಾಗಾಗಿ ಬೆಳಗುವುದು ತಳಭಾಗ, ಆನೆಗೊಂದಿಯ ಹೊಳೆಯಲ್ಲಿ ತೇಲುವ ಹರಗೋಲನ್ನು ಪಕ್ಕದಿಂದ ನೋಡಿದ ಹಾಗೆ. ಗಣೇಶನ ಹಬ್ಬದಿಂದ ದಸರೆಯವರೆಗಿನ ದಿನಗಳಲ್ಲಿ ಆ ಹರಗೋಲು ಬಲಕ್ಕೆ ವಾಲಿಕೊಂಡಿರುತ್ತದೆ.

ಆದ್ದರಿಂದ ಕಥೆ ಶುರುಮಾಡಲು ಯುಗಾದಿಯ ಬಿದಿಗೆಗಿಂತ ಒಳ್ಳೆಯ ದಿನವಿಲ್ಲ. ಆಕಾಶ ತಿಳಿಯಾಗಿರುತ್ತದೆ, ಸೆಕೆಗೆ ಹೇಗೂ ಎಲ್ಲರೂ ಮಾಳಿಗೆಯ ಮೇಲೆ, ಮನೆಮಂದಿಯೆಲ್ಲ ಚಂದ್ರನನ್ನು ನೋಡಲು ಕಾಯುವ ಸಂಜೆಯೂ ಹೌದು. ಬಿದಿಗೆಯ ಚಂದ್ರ ಸೂರ್ಯ ಮುಳುಗಿ ಒಂದು ಒಂದೂವರೆ ತಾಸಿನಲ್ಲಿ ತಾನೂ ಮುಳುಗುತ್ತಾನೆ. ಕಥೆ ರಾತ್ರಿಗಿದ್ದರೂ ಚಂದ್ರನನ್ನು ಮಾತ್ರ ಏಳೂಕಾಲರ ಒಳಗೇ ತೋರಿಸಿಬಿಡಬೇಕು. ಬಿದಿಗೆ ತದಿಗೆಯಲ್ಲಿ ದಿಟ್ಟಿಸಿ ನೋಡಿದರೆ ಹರಗೋಲಿನ ಮೇಲೆ ಉಳಿದ ದುಂಡು ಭಾಗವೂ ಮಬ್ಬಾಗಿ ಕಾಣುತ್ತದೆ. ಭೂಮಿಯಿಂದ ತಿರುಗಿ ಹೋದ ಬೆಳಕು ಅದು. ಚಂದಪ್ಪ ಪೂರ್ತಿ ಇದ್ದಾನೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

"ಸೂರ್ಯ ಮುಳುಗ್ಯಾನ, ಮತ್ತ ಒಲಿ ಎಲ್ಲೈತಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಸಂಜೆ ಕೋಟೆಯ ಗುಡ್ಡ ತೋರಿಸುತ್ತೇನೆ. ಓಣಿಯಲ್ಲಿ ನೆರಳಾದ ಮೇಲೂ ಗುಡ್ಡದ ತುದಿಗೆ ಸ್ವಲ್ಪ ಹೊತ್ತು ಬಿಸಿಲಿರುತ್ತದೆ. ಚಂದಪ್ಪ ಆ ಗುಡ್ಡಕ್ಕಿಂತಲೂ ಬಹಳ ಎತ್ತರದಲ್ಲಿದ್ದಾನೆ, ನಮಗೆ ಕಾಣದ ಒಲೆ ಅವನಿಗೆ ಕಾಣುತ್ತದೆ.

ಮಗುವಿಗೆ ತಿಳಿಯಿತೋ ಇಲ್ಲವೋ ಎಂದು ನೋಡಲು ಪಂಚಮಿಯ ರಾತ್ರಿ ಒಂದೇ ಪ್ರಶ್ನೆ ಕೇಳುತ್ತೇನೆ: "ಉಳಿದ ಚಂದಪ್ಪ ಎಲ್ಲಿ ಹೋದ?" ಮೋಡದ ಹಿಂದೆ ಎಂದರೆ ಉಂಡೆ ಮತ್ತೆ ಕೈಗೆ ಕೊಡಬೇಕು. "ಅಲ್ಲೇ ಅದಾನ, ಕತ್ತಲಾಗ" ಎಂದರೆ ಮುಂದಕ್ಕೆ ಹೋಗಬಹುದು.

ಹುಣ್ಣಿಮೆ ದಾಟಿದ ಮೇಲೆ ಕಥೆಗೆ ತೊಡಕು ಶುರುವಾಗುತ್ತದೆ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುವುದರಿಂದ ನಾಲ್ಕೈದು ದಿನದಲ್ಲೇ ಮಗು ಮಲಗುವ ಹೊತ್ತಿಗೆ ಅವನ ಪತ್ತೆ ಇರುವುದಿಲ್ಲ. ಆಗ ರಾತ್ರಿ ನೀಲವ್ವನನ್ನು ಎಡಕ್ಕೇ ಇನ್ನಷ್ಟು ತಿರುಗಿಸಿ ಮಲಗಿಸುತ್ತೇನೆ, ಚಂದ್ರನನ್ನು ಬೆಳಿಗ್ಗೆ ತೋರಿಸುತ್ತೇನೆ. ಕೃಷ್ಣ ಪಕ್ಷದ ಅಷ್ಟಮಿಯ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಅವನು ಪಡುವಣ ಆಕಾಶದಲ್ಲಿ ಅರ್ಧವಾಗಿ, ಬೆಳ್ಳಗೆ ನಿಂತಿರುತ್ತಾನೆ. ಬೆಳಗಿದ ಭಾಗ ಮೂಡಣದ ಸೂರ್ಯನ ಕಡೆಗೇ ಇರುತ್ತದೆ. ಮಗುವಿಗೆ ಮೊದಲು ಒಲೆ ಎಲ್ಲಿದೆ ಎಂದು ಬೆರಳು ಮಾಡಲು ಹೇಳಿ, ಆಮೇಲೆ ಉಂಡೆ ತೋರಿಸಿ.