ಎಎಫ್ ಇದ್ದವರ ಸ್ಟ್ರೋಕ್ ಲೆಕ್ಕ: ಅಂಕ ಹಾಕುವುದು ಹೇಗೆ, ಹೃದಯದ ಚೀಲ ಮುಚ್ಚುವುದು ಯಾರಿಗೆ?

ಕಾಪು ಕಡೆಯ 73 ವರ್ಷದ ಒಬ್ಬ ಅಮ್ಮನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬಿ.ಪಿ., ಸಕ್ಕರೆ ಕಾಯಿಲೆ ಎರಡೂ ಇವೆ. ಕಣ್ಣಿನ ಪೊರೆ ಆಪರೇಷನ್ನಿಗೆ ಮೊದಲು ಇಸಿಜಿ ತೆಗೆದಾಗ ಹೃದಯದ ಬಡಿತ ತಾಳ ತಪ್ಪಿರುವುದು ಕಂಡಿತು. ಏಟ್ರಿಯಲ್ ಫಿಬ್ರಿಲೇಶನ್, ಡಾಕ್ಟರರ ಬಾಯಲ್ಲಿ ಎಎಫ್. ಅಮ್ಮನಿಗೆ ಎದೆ ಡವಗುಟ್ಟಿದ್ದೂ ಇಲ್ಲ, ಉಬ್ಬಸವೂ ಇಲ್ಲ. ‘ಏನೂ ಆಗುವುದಿಲ್ಲವಲ್ಲ, ಮತ್ತೆ ರಕ್ತ ಹೆಪ್ಪುಗಟ್ಟದ ಮಾತ್ರೆ ಯಾಕೆ?’ ಎಂದು ಮಗಳು ಕೇಳುತ್ತಾರೆ.

ಎಎಫ್‌ನಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ಬರೀ ಅದುರುತ್ತಿರುತ್ತವೆ. ಎಡಗಡೆಯ ಮೇಲಿನ ಕೋಣೆಗೆ ಅಂಟಿಕೊಂಡು ‘ಅಪೆಂಡೇಜ್’ ಎಂಬ ಬೆರಳುದ್ದದ ಚೀಲವೊಂದಿದೆ. ರಕ್ತ ಅದರೊಳಗೆ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಮಿದುಳಿಗೆ ಹೋದರೆ ಸ್ಟ್ರೋಕ್. ಬಡಿತದ ಏರುಪೇರು ಗೊತ್ತಾಗುತ್ತದೋ ಇಲ್ಲವೋ ಎಂಬುದಕ್ಕೂ ಈ ಅಪಾಯಕ್ಕೂ ಸಂಬಂಧವಿಲ್ಲ. ಎಎಫ್ ಬಂದು ಹೋಗುವವರಿಗೂ ಸದಾ ಇರುವವರಿಗೂ ಲೆಕ್ಕ ಒಂದೇ.

ಅಂಕ ಹಾಕುವ ಮೊದಲು ಎಕೋ

ಸ್ಟ್ರೋಕ್ ಅಪಾಯಕ್ಕೆ ಅಂಕ ಹಾಕುವ ಮೊದಲು ಎಕೋದಲ್ಲಿ ಹೃದಯದ ಕವಾಟ ನೋಡಬೇಕು. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿರುವವರು ನಮ್ಮಲ್ಲಿ ಈಗಲೂ ಇದ್ದಾರೆ. ಆ ಕಿರಿದಾಗುವಿಕೆ ಮಧ್ಯಮ ಅಥವಾ ತೀವ್ರವಾಗಿದ್ದರೆ, ಇಲ್ಲವೇ ಲೋಹದ ಕವಾಟ ಹಾಕಿದ್ದರೆ, ಅಂಕದ ಲೆಕ್ಕವೇ ಬೇಡ. ಅಂಥವರಿಗೆ ರಕ್ತ ಹೆಪ್ಪುಗಟ್ಟದ ಹಳೆಯ ಮಾತ್ರೆಗಳಾದ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಬೇಕೇಬೇಕು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ನೋಡಿಕೊಂಡು. ರುಮ್ಯಾಟಿಕ್ ಕವಾಟದವರಲ್ಲಿ ಹೊಸ ಮಾತ್ರೆಗಳಲ್ಲೊಂದಾದ ರಿವರೊಕ್ಸಬಾನ್‌ಗಿಂತ ಹಳೆಯ ಮಾತ್ರೆಯೇ ಮೇಲು ಎಂದು 2022ರಲ್ಲಿ ಪ್ರಕಟವಾದ ‘ಇನ್ವಿಕ್ಟಸ್’ ಅಧ್ಯಯನ ತೋರಿಸಿತು. ಇವರಲ್ಲಿ ಹೆಪ್ಪು ಚೀಲದ ಹೊರಗೂ ಕಟ್ಟುವುದರಿಂದ ಚೀಲ ಮುಚ್ಚುವ ಮಾತು ಇವರಿಗೆ ಹೊಂದುವುದಿಲ್ಲ. (ಹಳೆಯ ಮಾತ್ರೆ ತೆಗೆದುಕೊಳ್ಳುವವರು ಬಸಳೆ, ಹರಿವೆ ಪೂರ್ತಿ ಬಿಡಬೇಕಾಗಿಲ್ಲ. ಒಂದು ವಾರ ದಿನಾ ಬಸಳೆ ಪದಾರ್ಥ, ಮರುವಾರ ಒಂದು ಎಲೆಯೂ ಇಲ್ಲ ಎಂದಾದರೆ ಐಎನ್‌ಆರ್ ಏರಿಳಿಯುತ್ತದೆ, ಅಷ್ಟೇ.)

ನಮ್ಮ ಕಾಪುವಿನ ಅಮ್ಮನ ಕವಾಟ ಸರಿಯಾಗಿದೆ. ಹಾಗಾಗಿ ಅಂಕಕ್ಕೆ ಬರೋಣ.

ಅಂಕ ಕೂಡಿಸುವುದು

ಕೇಸ್ ಶೀಟಿನಲ್ಲಿ ಇದನ್ನು CHA2DS2-VA ಎಂದು ಬರೆದಿರುತ್ತಾರೆ. ಹೃದಯ ವೈಫಲ್ಯಕ್ಕೆ 1, ಬಿ.ಪಿ.ಗೆ 1, ಸಕ್ಕರೆ ಕಾಯಿಲೆಗೆ 1. ಹಾರ್ಟ್ ಅಟ್ಯಾಕ್ ಆಗಿದ್ದರೆ ಅಥವಾ ಕಾಲಿನ ರಕ್ತನಾಳ ಕಟ್ಟಿದ್ದರೆ 1. ವಯಸ್ಸು 65ರಿಂದ 74ರ ಒಳಗಿದ್ದರೆ 1, 75 ಅಥವಾ ಮೇಲಾಗಿದ್ದರೆ 2. ಹಿಂದೆ ಸ್ಟ್ರೋಕ್ ಅಥವಾ ಕೆಲವೇ ಹೊತ್ತಿನಲ್ಲಿ ಸರಿಹೋಗುವ ‘ಮಿನಿ ಸ್ಟ್ರೋಕ್’ ಆಗಿದ್ದರೆ 2. ಹಳೆಯ ಪಟ್ಟಿಯಲ್ಲಿ ಹೆಂಗಸರಿಗೆ ಇನ್ನೊಂದು ಅಂಕ ಸೇರುತ್ತಿತ್ತು. ಯುರೋಪಿನ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಅದನ್ನು ಕೈಬಿಟ್ಟಿತು. ಹೊಸ ಪಟ್ಟಿಯಲ್ಲಿ 2 ಅಥವಾ ಹೆಚ್ಚು ಬಂದರೆ ರಕ್ತ ಹೆಪ್ಪುಗಟ್ಟದ ಮಾತ್ರೆ ಬೇಕು, 1 ಬಂದರೆ ಯೋಚಿಸಬೇಕು.

ಅಮ್ಮನಿಗೆ ವಯಸ್ಸಿಗೊಂದು, ಬಿ.ಪಿ.ಗೊಂದು, ಸಕ್ಕರೆಗೊಂದು, ಒಟ್ಟು 3. ಮಾತ್ರೆಯಿಂದ ಬಿ.ಪಿ. ಈಗ ನಾರ್ಮಲ್ ಇದೆ ಎಂದು ಆ ಅಂಕ ಬಿಡುವ ಹಾಗಿಲ್ಲ.

ಕೂಡಿಸುವಾಗ ತಪ್ಪಿಹೋಗುವುದು ಹೆಚ್ಚಾಗಿ ಮಿನಿ ಸ್ಟ್ರೋಕ್‌ನ ಎರಡು ಅಂಕ. ‘ಸ್ಟ್ರೋಕ್ ಆಗಿದೆಯಾ?’ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ‘ಯಾವಾಗಲಾದರೂ ಬಾಯಿ ಓರೆಯಾದದ್ದು, ಮಾತು ತೊದಲಿದ್ದು, ಕೈಯಿಂದ ಲೋಟ ಜಾರಿದ್ದು ಉಂಟಾ?’ ಎಂದು ಕೇಳಿದಾಗ ಮಗಳಿಗೆ ನೆನಪಾಗುತ್ತದೆ: ‘ಎರಡು ವರ್ಷದ ಹಿಂದೆ ಒಮ್ಮೆ ಬೆಳಿಗ್ಗೆ ಚಾ ಕುಡಿಯುವಾಗ ಅಮ್ಮನ ಬಾಯಿ ಒಂದು ಬದಿಗೆ ಎಳೆದಿತ್ತು ಡಾಕ್ಟ್ರೇ. ಹತ್ತು ನಿಮಿಷದಲ್ಲಿ ಸರಿಯಾಯಿತು. ವಾಯು ಅಂತ ಬಿಟ್ಟೆವು.’ ಅದು ಮಿನಿ ಸ್ಟ್ರೋಕೇ ಎಂದು ಖಚಿತವಾದರೆ ಮೂರಿದ್ದ ಅಂಕ ಐದಾಗುತ್ತದೆ.

ಆಸ್ಪಿರಿನ್ ಸಾಲದು, ಅರ್ಧ ಡೋಸೂ ಬೇಡ

ವಾರ್ಫರಿನ್ ಸ್ಟ್ರೋಕನ್ನು ಸುಮಾರು ಮೂರನೇ ಎರಡು ಭಾಗದಷ್ಟು ತಗ್ಗಿಸುತ್ತದೆ. ಎಪಿಕ್ಸಬಾನ್‌ನಂಥ ಹೊಸ ಮಾತ್ರೆಗಳು ಅಷ್ಟೇ ಕೆಲಸ ಮಾಡಿ, ಮಿದುಳಿನ ರಕ್ತಸ್ರಾವದ ಅಪಾಯವನ್ನು ವಾರ್ಫರಿನ್‌ಗಿಂತ ಕಡಿಮೆ ಇಡುತ್ತವೆ. ‘ಸೌಮ್ಯವಾದದ್ದು ಇರಲಿ’ ಎಂದು ಆಸ್ಪಿರಿನ್ ಕೊಡುವ ಅಭ್ಯಾಸ ಇನ್ನೂ ಹೋಗಿಲ್ಲ. ವಾರ್ಫರಿನ್ ಆಗದವರಲ್ಲಿ ಎಪಿಕ್ಸಬಾನನ್ನು ಆಸ್ಪಿರಿನ್ ಜತೆ ಹೋಲಿಸಿದ ‘ಅವೆರೋಸ್’ ಅಧ್ಯಯನ 2011ರಲ್ಲಿ ಬಂತು. ಎಪಿಕ್ಸಬಾನ್ ಗುಂಪಿನಲ್ಲಿ ಸ್ಟ್ರೋಕ್ ಅರ್ಧಕ್ಕಿಂತಲೂ ಕೆಳಗಿಳಿಯಿತು; ದೊಡ್ಡ ರಕ್ತಸ್ರಾವದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆಸ್ಪಿರಿನ್‌ನ ಸೌಮ್ಯತೆ ನಮ್ಮ ಭ್ರಮೆ ಎಂದೇ ನನ್ನ ಅಭಿಪ್ರಾಯ.

ಎಪಿಕ್ಸಬಾನ್ 5 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಇದನ್ನು 2.5ಕ್ಕೆ ಇಳಿಸಲು ಮೂರರಲ್ಲಿ ಎರಡು ಕಾರಣ ಕೂಡಿಬರಬೇಕು: ವಯಸ್ಸು 80 ಅಥವಾ ಮೇಲೆ, ತೂಕ 60 ಕಿಲೋ ಅಥವಾ ಕೆಳಗೆ, ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ 1.5 ಅಥವಾ ಮೇಲೆ. ಅಮ್ಮನ ತೂಕ 58, ಕ್ರಿಯಾಟಿನಿನ್ 0.9. ಒಂದೇ ಕಾರಣ, ಹಾಗಾಗಿ ಪೂರ್ತಿ ಡೋಸು.

ರಕ್ತ ಹೋದಾಗ

ಕೆಲವು ತಿಂಗಳ ಮೇಲೆ ಅಮ್ಮನಿಗೆ ಸುಸ್ತು. ಮಲ ಡಾಂಬರಿನಂತೆ ಕಪ್ಪು, ಜಿಗುಟು, ಕೆಟ್ಟ ವಾಸನೆ. (ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಈ ಜಿಗುಟು, ಈ ವಾಸನೆ ಇರುವುದಿಲ್ಲ.) ಹಿಮೋಗ್ಲೋಬಿನ್ 11.8 ಇದ್ದದ್ದು 7.4ಕ್ಕೆ ಇಳಿದಿದೆ. ಮನೆಯವರಿಗೆ ಎರಡೇ ದಾರಿ ಕಾಣುತ್ತದೆ: ಮಾತ್ರೆ ಖಾಯಂ ನಿಲ್ಲಿಸುವುದು, ಇಲ್ಲವೇ ಯಾರೋ ಹೇಳಿದ ‘ಹೃದಯದ ಚೀಲ ಮುಚ್ಚುವ ಸಾಧನ’ ಹಾಕಿಸುವುದು.

ಇಲ್ಲಿ ನಿಂತು ಕೇಳಬೇಕಾದ ಪ್ರಶ್ನೆ: ರಕ್ತ ಹೋದದ್ದು ಎಲ್ಲಿಂದ, ಯಾಕೆ? ಅದನ್ನು ಸರಿಪಡಿಸಲು ಆಗುತ್ತದೆಯೇ?

ಮಗಳು ಮಾತ್ರೆಯ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿದಾಗ ಅರ್ಧ ಉತ್ತರ ಸಿಕ್ಕಿತು. ಎಪಿಕ್ಸಬಾನ್ ಜತೆ ಹಳೆಯ ಚೀಟಿಯ ಆಸ್ಪಿರಿನ್ ಇನ್ನೂ ನಡೆಯುತ್ತಿದೆ. ಗಂಟುನೋವಿಗೆ ಮೆಡಿಕಲಿನಿಂದ ತಂದ ಡೈಕ್ಲೋಫೆನಾಕ್ ಸ್ಟ್ರಿಪ್ ಮುಕ್ಕಾಲು ಖಾಲಿ. ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಹುಣ್ಣು ಕಂಡಿತು, ಹೆಲಿಕೋಬ್ಯಾಕ್ಟರ್ ರೋಗಾಣುವೂ ಇತ್ತು.

ರಕ್ತಸ್ರಾವಕ್ಕೂ HAS-BLED ಎಂಬ ಅಂಕಪಟ್ಟಿ ಇದೆ. ಇದನ್ನು ಮೊದಲಿನ ಅಂಕದಿಂದ ಕಳೆಯುವ ಪರಿಪಾಠ ತಪ್ಪು. ಯಾವುದನ್ನು ತಿದ್ದಬಹುದು ಎಂದು ಹುಡುಕಲಷ್ಟೇ ಇದು. ಅಮ್ಮನಿಗೆ ವಯಸ್ಸಿಗೊಂದು, ರಕ್ತ ಹೋದದ್ದಕ್ಕೊಂದು, ನೋವಿನ ಮಾತ್ರೆ ಮತ್ತು ಆಸ್ಪಿರಿನ್‌ಗೊಂದು, ಒಟ್ಟು 3. ಆ ಎರಡು ಮಾತ್ರೆ ನಿಲ್ಲಿಸಿದ ದಿನವೇ ಅದು 2. ರೋಗಾಣುವಿಗೆ ಆ್ಯಂಟಿಬಯಾಟಿಕ್ ಕೋರ್ಸ್, ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಗಂಟಿಗೆ ಪ್ಯಾರಸಿಟಮಾಲ್ ಮತ್ತು ಫಿಸಿಯೋಥೆರಪಿ. ರಕ್ತ ನಿಂತದ್ದು ಖಚಿತವಾದ ಮೇಲೆ, ಒಂದೆರಡು ವಾರದೊಳಗೆ ಎಪಿಕ್ಸಬಾನ್ ಮತ್ತೆ ಶುರು. ಈ ಅಮ್ಮನಿಗೆ ಸಾಧನ ಬೇಕಾಗಿಲ್ಲ.

ಹಾಗಾದರೆ ಯಾರಿಗೆ?

ಬೆಳ್ತಂಗಡಿ ಕಡೆಯ 78ರ ಅಡಿಕೆ ಕೃಷಿಕರೊಬ್ಬರನ್ನು ಊಹಿಸಿ. ವಯಸ್ಸಿಗೆ 2, ಬಿ.ಪಿ.ಗೆ 1, ಹಿಂದೆ ಹಾರ್ಟ್ ಅಟ್ಯಾಕ್ ಆದದ್ದಕ್ಕೆ 1, ಒಟ್ಟು 4. ದೊಡ್ಡ ಕರುಳಿನಲ್ಲಿ ಅಲ್ಲಲ್ಲಿ ಸಡಿಲಗೊಂಡ ಸಣ್ಣ ರಕ್ತನಾಳಗಳಿವೆ. ಒಂದು ಕಡೆ ಸುಟ್ಟು ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತದೆ. ಮಾತ್ರೆ ಬದಲಾಯಿಸಿಯೂ ನೋಡಿ ಆಯಿತು, ಮತ್ತೆ ಮತ್ತೆ ರಕ್ತ ಹಾಕಿಸಬೇಕಾಗಿದೆ. ಸ್ಟ್ರೋಕ್ ಅಪಾಯ ಹೆಚ್ಚು, ರಕ್ತಸ್ರಾವದ ಕಾರಣ ತಿದ್ದಲಾಗದ್ದು. ಚೀಲ ಮುಚ್ಚುವ ಮಾತು ಏಳಬೇಕಾದದ್ದು ಇಂಥವರಲ್ಲಿ. ವಯೋಸಹಜ ಕಾರಣದಿಂದ ಮಿದುಳಿನಲ್ಲಿ ಮರುಮರಳಿ ರಕ್ತಸ್ರಾವವಾಗುವವರೂ ಈ ಗುಂಪಿಗೆ ಸೇರುತ್ತಾರೆ. ಅಮೆರಿಕದ 2023ರ ಮಾರ್ಗಸೂಚಿ ಇಂಥವರಿಗೆ ಇದು ಸಮಂಜಸ ಎನ್ನುತ್ತದೆ. ಯುರೋಪಿನದ್ದು ಇನ್ನಷ್ಟು ಅಳೆದು ‘ಪರಿಗಣಿಸಬಹುದು’ ಎನ್ನುತ್ತದೆ.

ಆ ಹಿಂಜರಿಕೆಗೆ ಕಾರಣವಿದೆ. ಸಾಧನವನ್ನು ಮೊದಲು ಪರೀಕ್ಷಿಸಿದ್ದು ವಾರ್ಫರಿನ್ ತೆಗೆದುಕೊಳ್ಳಬಲ್ಲವರಲ್ಲಿ. ಐದು ವರ್ಷದ ಲೆಕ್ಕದಲ್ಲಿ ಸಾಧನದವರಿಗೆ ಮಿದುಳಿನ ರಕ್ತಸ್ರಾವ ಬಹಳ ಕಡಿಮೆಯಾಗಿತ್ತು, ಆದರೆ ಹೆಪ್ಪಿನಿಂದಾಗುವ ಸ್ಟ್ರೋಕ್ ಅವರಲ್ಲೇ ತುಸು ಹೆಚ್ಚಿನಂತೆ ಕಂಡಿತು. ನಾವು ಅದನ್ನು ಬಳಸುವುದೋ ಮಾತ್ರೆ ಆಗದವರಲ್ಲಿ. ಸ್ಟ್ರೋಕ್, ರಕ್ತಸ್ರಾವ ಎರಡರ ಅಪಾಯವೂ ಹೆಚ್ಚಿದ್ದ ವಯಸ್ಸಾದವರಲ್ಲಿ ಜರ್ಮನಿಯಲ್ಲಿ ನಡೆದ ‘ಕ್ಲೋಷರ್-ಎಎಫ್’ ಅಧ್ಯಯನದ ಫಲಿತಾಂಶ 2025ರಲ್ಲಿ ಬಂತು. ಒಳ್ಳೆಯ ಔಷಧ ಚಿಕಿತ್ಸೆಗೆ ಸಾಧನ ಸರಿಸಮ ಎಂದು ಅದರಲ್ಲಿ ಸಾಬೀತಾಗಲಿಲ್ಲ. ಹಾಗಾಗಿ ‘ಮಾತ್ರೆಯ ರಗಳೆ ಬೇಡ’ ಎಂಬ ಒಂದೇ ಕಾರಣಕ್ಕೆ ಹಾಕಿಸಿಕೊಳ್ಳಲು ಬರುವವರನ್ನು ನಾನಂತೂ ಉತ್ತೇಜಿಸುವುದಿಲ್ಲ.

ಮುಚ್ಚುವುದು ಹೇಗೆ

ಅನ್ನನಾಳದ ಮೂಲಕ ಮಾಡುವ ಎಕೋ ಅಥವಾ ಸಿ.ಟಿ.ಯಲ್ಲಿ ಚೀಲದೊಳಗೆ ಹೆಪ್ಪಿಲ್ಲ ಎಂದು ಮೊದಲು ನೋಡುತ್ತಾರೆ, ಬಾಯಿಯ ಅಗಲ ಅಳೆಯುತ್ತಾರೆ. ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ಹೃದಯದ ಬಲಗಡೆಗೆ ಹೋಗುತ್ತದೆ. ನಡುವಿನ ಗೋಡೆಗೆ ಸೂಜಿಯಿಂದ ಸಣ್ಣ ರಂಧ್ರ ಮಾಡಿ ಎಡಗಡೆಗೆ ದಾಟಿಸುತ್ತಾರೆ. ಚೀಲದ ಬಾಯಿಗಿಂತ ತುಸು ದೊಡ್ಡದಾದ ಲೋಹದ ಜಾಲರಿಯ ಸಾಧನವನ್ನು ಅಲ್ಲಿ ಅರಳಿಸುತ್ತಾರೆ. ಕೇಬಲ್ ಬಿಡಿಸುವ ಮೊದಲು ಒಮ್ಮೆ ಮೆಲ್ಲಗೆ ಎಳೆದು ನೋಡುವುದು ಕಡ್ಡಾಯ. ಕದಲಿದರೆ ಒಳಗೆ ಎಳೆದುಕೊಂಡು ಮತ್ತೆ ಕೂರಿಸಬಹುದು. ಬಿಟ್ಟ ಮೇಲೆ ಅದು ಜಾರಿದರೆ ಹಿಡಿಯುವುದು ಕಷ್ಟ.

ಚೀಲದ ಗೋಡೆ ತೀರಾ ತೆಳು. ತೂತಾದರೆ ಹೃದಯದ ಸುತ್ತ ರಕ್ತ ತುಂಬುತ್ತದೆ; ಬಿ.ಪಿ. ದಿಢೀರನೆ ಬಿದ್ದರೆ ಮೊದಲು ಸಂಶಯಿಸಬೇಕಾದದ್ದು ಅದನ್ನೇ. ಮೊದಲ ಅಧ್ಯಯನದಲ್ಲಿ ಸೂಜಿ ಹಾಕಿ ರಕ್ತ ತೆಗೆಯಬೇಕಾದ ಪ್ರಕರಣಗಳು ನೂರಕ್ಕೆ ಐದರ ಹತ್ತಿರ ಇದ್ದವು. ಈಗ ಕೈ ಪಳಗಿದ ಕಡೆ ಒಂದೆರಡಕ್ಕೆ ಇಳಿದಿದೆ. ‘ನೀವು ಇದನ್ನು ಎಷ್ಟು ಮಾಡಿದ್ದೀರಿ?’ ಎಂದು ಡಾಕ್ಟರರನ್ನು ಕೇಳಲು ಸಂಕೋಚ ಬೇಡ.

ಸಾಧನದ ಮೇಲೆ ಹೃದಯದ ಒಳಪೊರೆ ಬೆಳೆದು ಮುಚ್ಚಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅದರ ಮೇಲೆಯೇ ಹೆಪ್ಪು ಕಟ್ಟಬಹುದು. ಆದ್ದರಿಂದ ಮಾತ್ರೆ ಆಗುವುದಿಲ್ಲ ಎಂದು ಸಾಧನ ಹಾಕಿಸಿಕೊಂಡವರಿಗೂ ಸ್ವಲ್ಪ ಕಾಲ ಮಾತ್ರೆ ಬೇಕು. ಸಾಮಾನ್ಯವಾಗಿ ಆಸ್ಪಿರಿನ್ ಜತೆ ಕ್ಲೋಪಿಡೋಗ್ರೆಲ್ ಆರು ತಿಂಗಳವರೆಗೆ. ಬೆಳ್ತಂಗಡಿಯವರಂಥ ಕರುಳಿದ್ದರೆ ಅವಧಿ ಮೊಟಕುಗೊಳಿಸುತ್ತಾರೆ, ಕೆಲವೊಮ್ಮೆ ಒಂದೇ ಮಾತ್ರೆಗೆ ಇಳಿಸುತ್ತಾರೆ. ಅದೂ ಸಾಧ್ಯವಿಲ್ಲ ಎಂದಾದರೆ ಸಾಧನದ ವಿಚಾರವನ್ನೇ ಮತ್ತೆ ಯೋಚಿಸಬೇಕು. ಸುಮಾರು 45 ದಿನದಿಂದ ಮೂರು ತಿಂಗಳ ನಡುವೆ ಇನ್ನೊಂದು ಎಕೋ ತಪ್ಪಿಸಬಾರದು. ಅಂಚಿನಲ್ಲಿ 5 ಮಿಲಿಮೀಟರ್‌ಗಿಂತ ಹೆಚ್ಚು ಸೋರಿಕೆ ಇದೆಯೇ, ಮೇಲೆ ಹೆಪ್ಪು ಕೂತಿದೆಯೇ ಎಂದು ಅದರಲ್ಲೇ ತಿಳಿಯುವುದು.

ಚೀಲ ಮುಚ್ಚಿದರೂ ಕುತ್ತಿಗೆಯ ರಕ್ತನಾಳದಿಂದಲೋ ಮಿದುಳಿನ ಸಣ್ಣ ನಾಳಗಳಿಂದಲೋ ಸ್ಟ್ರೋಕ್ ಬರಬಹುದು. ಬಾಯಿ ಓರೆಯಾದರೆ, ಕೈ ಸೋತರೆ ‘ಸಾಧನ ಉಂಟಲ್ಲ’ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವುದು ನಾಲ್ಕೂವರೆ ಗಂಟೆ. ಕಾಪುವಿನ ಅಮ್ಮನಂತೆ ಎಪಿಕ್ಸಬಾನ್ ಮೇಲಿರುವವರಾದರೆ ಕೊನೆಯ ಮಾತ್ರೆ ನುಂಗಿದ್ದು ಎಷ್ಟು ಗಂಟೆಗೆ ಎಂಬುದನ್ನು ಕ್ಯಾಶುವಾಲ್ಟಿಯಲ್ಲಿ ಮೊದಲೇ ಹೇಳಿ. ಇಂಜೆಕ್ಷನ್ ಕೊಡಬಹುದೋ ಬಾರದೋ ಎಂದು ತೀರ್ಮಾನಿಸಲು ಅವರಿಗೆ ಅದು ಬೇಕು.