ಮೂವತ್ತೆಂಟು ಸ್ಲೈಡ್ ಹದಿನಾಲ್ಕಾದ ಕಥೆ

ಹದಿನಾಲ್ಕೇ ಸ್ಲೈಡ್ ನೋಡಿ ನಮ್ಮ ಲ್ಯಾಬ್‌ನ ಸೀನಿಯರ್ ಒಬ್ಬರು, "ಇಷ್ಟ ಏನಪಾ? ಎರಡು ವರ್ಷ ಏನ್ ಮಾಡಿದಿ ಹಂಗಾದ್ರೆ?" ಎಂದಿದ್ದರು. ಸೆಮಿನಾರ್ ಮುಗಿದ ಸಂಜೆ ಅವರೇ ಪೆನ್‌ಡ್ರೈವ್ ತಂದು ಫೈಲ್ ಕೇಳಿದರು. ಒಂದು ಸ್ಲೈಡಿಗೆ ಒಂದೇ ವಿಚಾರ ಇಟ್ಟು ಅದನ್ನು ಹೇಗೆ ಮಾಡಿದೆ ಎಂದು ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ವಿಷಯ ಸಿಂಧನೂರು ಕಡೆಯ ಸವಳು ಗದ್ದೆಗಳು. ನೆಲದೊಳಗೆ ತೂತಿನ ಪೈಪು ಹೂತು ಉಪ್ಪುನೀರು ಬಸಿದು ಹೋಗುವಂತೆ ಮಾಡಿದರೆ ಏನಾಗುತ್ತದೆ ಎನ್ನುವುದು. ಸೆಮಿನಾರಿಗೆ ಸಿಗುವುದು ಇಪ್ಪತ್ತು ನಿಮಿಷ, ಎಂದರೆ ಮಾತಿಗೆ ಹದಿನೈದು, ಪ್ರಶ್ನೆಗೆ ಐದು. ಮೊದಲ ಸಲ 38 ಸ್ಲೈಡ್ ಮಾಡಿದ್ದೆ. ಇಪ್ಪತ್ತೆರಡನೆಯದಕ್ಕೆ ಗಂಟೆ ಬಾರಿಸಿದರು. ನನ್ನ ಫಲಿತಾಂಶ ಇದ್ದದ್ದು ಇಪ್ಪತ್ತೊಂಬತ್ತರಲ್ಲಿ! ಎರಡನೇ ಸಲ ಎಲ್ಲವನ್ನೂ ಒಂಬತ್ತು ಸ್ಲೈಡಿಗೆ ತುರುಕಿದೆ. ಡಿಟಿಪಿ ಅಂಗಡಿಯವರಿಗೆ ಸುಮಾರು 1,500 ರೂಪಾಯಿ ಕೊಟ್ಟು ಡಿಸೈನ್ ಬೇರೆ ಮಾಡಿಸಿದೆ. ನಾನು ಮಾತಾಡುತ್ತಿದ್ದರೆ ಜನ ಟೇಬಲ್ ಓದುತ್ತಿದ್ದರು. ದುಡ್ಡು ದಂಡ.

ಮೂರನೇ ಸಲ ಕಂಪ್ಯೂಟರ್ ಮುಟ್ಟಲಿಲ್ಲ. ಮನೆಯಲ್ಲಿದ್ದ ಹಳೇ ಮದುವೆ ಕಾರ್ಡುಗಳ ಹಿಂದೆ ಒಂದೊಂದೇ ವಾಕ್ಯ ಬರೆದೆ. 'ಫಲಿತಾಂಶ', 'ವಿಧಾನ' ಅಂತ ಒಂಟಿ ಪದವಲ್ಲ, ಕ್ರಿಯಾಪದ ಇರುವ ಪೂರ್ತಿ ವಾಕ್ಯ. ಅದೇ ಸ್ಲೈಡಿನ ತಲೆಬರಹ. ಕೆಳಗೆ ಆ ವಾಕ್ಯಕ್ಕೆ ಸಾಕ್ಷಿಯಾದ ಒಂದು ಚಿತ್ರ ಅಥವಾ ಗ್ರಾಫ್ ಮಾತ್ರ. ವಾಕ್ಯದಲ್ಲಿ 'ಮತ್ತು' ಬಂದರೆ ಕಾರ್ಡ್ ಹರಿದು ಎರಡು ಮಾಡುತ್ತಿದ್ದೆ. ಆದರೆ ಕನ್ನಡದಲ್ಲಿ ಕಳ್ಳದಾರಿ ಇನ್ನೊಂದಿದೆ, ಅದು 'ಊ'. 'ಉಪ್ಪೂ ಇಳಿಯಿತು, ಇಳುವರಿಯೂ ಏರಿತು' ಎಂದು ಬರೆದರೆ ಒಂದೇ ಮಾತಿನಂತೆ ಕೇಳಿಸುತ್ತದೆ. ಇರುವುದು ಎರಡು. ಇದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು.

ಆರು ಗದ್ದೆ, ಎರಡು ಹಂಗಾಮು, ಮಣ್ಣಿನ ಉಪ್ಪಿನಂಶ ತೋರಿಸುವ ಇಸಿ, ಇಳುವರಿ, ನೀರಿನ ಮಟ್ಟ ಎಲ್ಲ ಇದ್ದ ಒಂದು ದೊಡ್ಡ ಟೇಬಲ್ ಇತ್ತು. ಅದನ್ನು ಒಡೆದಾಗ ಮೂರು ಕಾರ್ಡ್ ಆದವು. 'ಪೈಪು ಹಾಕಿದ ಮೇಲೆ ಉಪ್ಪು ಇಳಿದಿದೆ' ಎನ್ನುವುದಕ್ಕೆ ಒಂದೇ ಗೆರೆಯ ಗ್ರಾಫ್. ಇಸಿ ಎಂಟರ ಆಸುಪಾಸಿನಿಂದ ನಾಲ್ಕರ ಹತ್ತಿರಕ್ಕೆ ಬಂದಿತ್ತು. ಇಸಿ ನಾಲ್ಕು ದಾಟಿದರೆ ಸವಳು ಎನ್ನುತ್ತೇವಲ್ಲ, ಅಲ್ಲೊಂದು ಚುಕ್ಕೆಗೆರೆ ಎಳೆದೆ. 'ಉಪ್ಪು ಇಳಿದಲ್ಲಿ ಭತ್ತ ಹೆಚ್ಚಿದೆ' ಎನ್ನುವುದಕ್ಕೆ ಎರಡು ಕಂಬ. 'ಮೂರನೇ ಗದ್ದೆಯಲ್ಲಿ ಏನೂ ಬದಲಾಗಿಲ್ಲ' ಎನ್ನುವುದಕ್ಕೆ ಹೂಳು ತುಂಬಿದ ಪೈಪಿನ ಬಾಯಿಯ ಫೋಟೋ. ನೀರಿನ ಮಟ್ಟದ ಅಂಕಿಗಳನ್ನು ಕೊನೆಯ ಸ್ಲೈಡ್ ಆದಮೇಲೆ ಇಟ್ಟೆ. ಯಾರಾದರೂ ಕೇಳಿದರೆ ಆ ಸ್ಲೈಡಿನ ನಂಬರ್ ಒತ್ತಿ ಎಂಟರ್ ಹೊಡೆದರೆ ಸಾಕು.

ಪರೀಕ್ಷೆ ಮಾಡಿದ್ದು ಹಾಸ್ಟೆಲ್‌ನಲ್ಲಿ. ಇಬ್ಬರು ಜೂನಿಯರ್‌ಗಳಿಗೆ ಮಿರ್ಚಿ, ಮಂಡಾಳ ಒಗ್ಗರಣಿ ಕೊಡಿಸಿ ಕೂರಿಸಿದೆ. ಒಟ್ಟು ನೂರು ರೂಪಾಯಿ ಇರಬಹುದು. ಪ್ರತಿ ಸ್ಲೈಡ್ ತೋರಿಸಿ ಮಾತು ಮುಗಿಸುತ್ತಿದ್ದೆ, ತಲೆಬರಹ ಮಾತ್ರ ಮುಚ್ಚಿಟ್ಟಿದ್ದೆ. ಅರ್ಥವಾದದ್ದನ್ನು ಅವರು ಒಂದು ಸಾಲು ಬರೆಯಬೇಕು. ಇಬ್ಬರ ಸಾಲು ಬೇರೆಬೇರೆಯಾದರೆ ಅಲ್ಲಿ ಎರಡು ವಿಚಾರ ಕೂತಿವೆ ಎಂದರ್ಥ. ಹೀಗೆ ನಾಲ್ಕು ಸಿಕ್ಕಿಬಿದ್ದವು. ಒಬ್ಬಳಂತೂ "ಅಣ್ಣ, ಇಲ್ಲಿ ನಂಗೆ ಪೈಪಿನ ಬಣ್ಣ ಬಿಟ್ರೆ ಏನೂ ನೆನಪಿಲ್ಲ" ಎಂದು ಬರೆದಿದ್ದಳು. ಆ ಸ್ಲೈಡ್ ತೆಗೆದೇ ಹಾಕಿದೆ.

ನಕ್ಷೆ ಮಾತ್ರ ಈ ಪದ್ಧತಿಗೆ ಬಗ್ಗಲಿಲ್ಲ. ಕಾಲುವೆ, ಹಳ್ಳ, ಗದ್ದೆ ಎಲ್ಲ ಒಟ್ಟಿಗೇ ಬೇಕಲ್ವಾ? ಕೊನೆಗೆ ಅದೇ ನಕ್ಷೆಯನ್ನು ಮೂರು ಸ್ಲೈಡ್ ಮಾಡಿದೆ. ಮೊದಲು ಕಾಲುವೆ, ಆಮೇಲೆ ಹಳ್ಳ, ಆಮೇಲೆ ಗದ್ದೆ. ಹದಿನಾಲ್ಕರಲ್ಲಿ ಮೂರು ಅದಕ್ಕೇ ಹೋದವು, ಆದರೂ ಒಟ್ಟು ಒಂದು ನಿಮಿಷವೂ ಹಿಡಿಯಲಿಲ್ಲ.

ನಡುವೆ ಸುಮ್ನೆ ಕಡುನೀಲಿ ಹಿನ್ನೆಲೆ ಮಾಡಿ ನೋಡಿದ್ದೂ ಉಂಟು. ಏಪ್ರಿಲ್‌ನ ರಾಯಚೂರು ಬಿಸಿಲು, ಪರದೆ ಪೂರ್ತಿ ಮುಚ್ಚದ ಕಿಟಕಿ. ಗೆರೆಗಳೇ ಕಾಣಲಿಲ್ಲ. ಬಿಳಿ ಮೇಲೆ ಕಪ್ಪಿಗೆ ವಾಪಸ್ ಬಂದೆ. ಹಳೇ ನುಡಿ ಫಾಂಟಿನಲ್ಲಿ ಬರೆದ ತಲೆಬರಹಗಳು ಹಾಲ್‌ನ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಿಚಡಿಯಾದವು. ಅಂದಿನಿಂದ ಯೂನಿಕೋಡ್, ಜೊತೆಗೊಂದು ಪಿಡಿಎಫ್.

 

ಮೂರನೇ ಸಲದ ಸೆಮಿನಾರ್ ದಿನ ಹದಿನಾಲ್ಕೂವರೆ ನಿಮಿಷಕ್ಕೆ ಮುಗಿಸಿದೆ. ಮೊದಲ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ಬೇರೆ ವಿಭಾಗದವರು, ಮಣ್ಣಿಗೂ ಅವರಿಗೂ ಸಂಬಂಧವಿಲ್ಲ. "ಮೂರನೇ ಗದ್ದಿ ಪೈಪು ಈಗರೆ ಸ್ವಚ್ಛ ಮಾಡಿಸೀರೇನ್ರಿ?"

ಇಲ್ಲ, ಇನ್ನೂ ಮಾಡಿಸಿಲ್ಲ.